ತರಕಾರಿ ಬೆಲೆ ಏರಿದಾಗ ಬಿಸಿಯೂಟದ ಸಾಂಬಾರು: ಬದಲಿ ತರಕಾರಿಯ ಲೆಕ್ಕ

ಗ್ರಾಮ ಪಂಚಾಯಿತಿಗಳ ಮಾನ್ಯ ಸದಸ್ಯರ ಗಮನಕ್ಕೆ,

2023ರ ಜುಲೈ ತಿಂಗಳಲ್ಲಿ ಟೊಮೆಟೊ ಬೆಲೆ ಏರಿದ್ದು ತಮಗೆಲ್ಲ ನೆನಪಿರಬಹುದು. ಕೋಲಾರದ ಕೃಷಿ ಉತ್ಪನ್ನ ಮಾರುಕಟ್ಟೆಯಲ್ಲಿ ಹದಿನೈದು ಕಿಲೋ ತೂಕದ ಒಂದು ಬಾಕ್ಸ್ 2,000 ರೂಪಾಯಿಗೂ ಮೇಲೆ ಹರಾಜಾದ ತಿಂಗಳು ಅದು. ನಮ್ಮ ಸಂತೆಯಲ್ಲಿಯೂ ಕಿಲೋ 20 ರೂಪಾಯಿಯಿದ್ದ ಟೊಮೆಟೊ 110 ರೂಪಾಯಿಗೆ ಏರಿತ್ತು. ಬೀನ್ಸ್ 120 ರೂಪಾಯಿ, ಕ್ಯಾರೆಟ್ 80 ರೂಪಾಯಿ ಆಗಿದ್ದವು.

ಆ ತಿಂಗಳಲ್ಲಿ ನಮ್ಮ ಪಂಚಾಯಿತಿ ವ್ಯಾಪ್ತಿಯ ಒಂದು ಹಿರಿಯ ಪ್ರಾಥಮಿಕ ಶಾಲೆಯ ಅಕ್ಷರ ದಾಸೋಹದ ವಹಿಯನ್ನು ಪರಿಶೀಲಿಸುವ ಸಂದರ್ಭ ಬಂದಿತು. ಜೂನ್ ತಿಂಗಳಿನಲ್ಲಿ ತರಕಾರಿಗೆ ದಿನವೊಂದಕ್ಕೆ ಆಗುತ್ತಿದ್ದ ವೆಚ್ಚ 240 ರೂಪಾಯಿ. ಜುಲೈ ತಿಂಗಳಿನಲ್ಲಿಯೂ 240 ರೂಪಾಯಿಯೇ ಇತ್ತು. ಬೆಲೆ ಇಷ್ಟು ಏರಿರುವಾಗ ವೆಚ್ಚ ಒಂದು ರೂಪಾಯಿಯೂ ಏರದಿರುವುದು ಹೇಗೆ ಎಂಬ ಪ್ರಶ್ನೆ ಮೂಡಿತು. ಅಡುಗೆಮನೆಗೆ ಹೋಗಿ ಮುಖ್ಯ ಅಡುಗೆಯವರನ್ನು ವಿಚಾರಿಸಿದೆ. ಅವರು ಮುಚ್ಚುಮರೆಯಿಲ್ಲದೆ ಹೇಳಿದರು: "ಸಾರ್, ದುಡ್ಡು ಅಷ್ಟೇ ಬರೋದು. ಅದರಲ್ಲಿ ಎಷ್ಟು ಬರುತ್ತೋ ಅಷ್ಟು ತರ್ತೀವಿ. ಸಾಂಬಾರಿಗೆ ನೀರು, ಖಾರ ಒಂಚೂರು ಜಾಸ್ತಿ ಮಾಡ್ತೀವಿ. ಮಕ್ಕಳು ಏನೂ ಕೇಳೋದಿಲ್ಲ."

ಅವರದು ತಪ್ಪು ಎಂದು ನಾನು ಹೇಳುವುದಿಲ್ಲ. ಕೊಟ್ಟ ಹಣಕ್ಕೆ ಅವರು ಲೆಕ್ಕವನ್ನು ಸರಿಯಾಗಿಯೇ ಇಟ್ಟಿದ್ದರು. ಆದರೆ ಆ ಲೆಕ್ಕ ರೂಪಾಯಿಯಲ್ಲಿತ್ತು, ತೂಕದಲ್ಲಿರಲಿಲ್ಲ. ಹೀಗಾಗಿ ಮಕ್ಕಳ ತಟ್ಟೆಯಿಂದ ಅರ್ಧಕ್ಕಿಂತಲೂ ಹೆಚ್ಚು ತರಕಾರಿ ಮಾಯವಾಗಿದ್ದರೂ ಅದು ಯಾವ ವಹಿಯಲ್ಲಿಯೂ ಕಾಣಿಸಲಿಲ್ಲ. ಬೆಲೆ ಏರಿದ ವಾರಗಳಲ್ಲಿ ಅದೇ ಹಣಕ್ಕೆ ಅದೇ ಪ್ರಮಾಣದ, ಬಹುಮಟ್ಟಿಗೆ ಅದೇ ಪೋಷಕಾಂಶಗಳ ತರಕಾರಿಯನ್ನು ಒದಗಿಸುವುದು ಹೇಗೆ ಎಂಬುದನ್ನು ಇದೇ ಶಾಲೆಯ ಉದಾಹರಣೆಯ ಮೂಲಕ ಇಲ್ಲಿ ವಿವರಿಸಲಾಗಿದೆ.

ಮೊದಲು ತೂಕದ ಲೆಕ್ಕ

ಪಿಎಂ ಪೋಷಣ್ ಯೋಜನೆಯ ಪ್ರಕಾರ ಒಂದರಿಂದ ಐದನೆಯ ತರಗತಿಯ ಪ್ರತಿ ಮಗುವಿಗೆ ದಿನಕ್ಕೆ 50 ಗ್ರಾಂ, ಆರರಿಂದ ಎಂಟನೆಯ ತರಗತಿಯ ಪ್ರತಿ ಮಗುವಿಗೆ 75 ಗ್ರಾಂ ತರಕಾರಿ ದೊರೆಯಬೇಕು. ಸದರಿ ಶಾಲೆಯಲ್ಲಿ ಊಟ ಮಾಡುವ ಮಕ್ಕಳು 120. ಅವರಲ್ಲಿ ಕಿರಿಯರು 70, ಹಿರಿಯರು 50. ಕಿರಿಯರಿಗೆ 3.5 ಕಿಲೋ, ಹಿರಿಯರಿಗೆ 3.75 ಕಿಲೋ, ಒಟ್ಟು 7.25 ಕಿಲೋ ತರಕಾರಿ ಪ್ರತಿದಿನ ಬೇಕು.

ಬೆಲೆ ಸಾಮಾನ್ಯವಾಗಿದ್ದಾಗ ಅವರು ತರುತ್ತಿದ್ದುದು ಟೊಮೆಟೊ 2.5 ಕಿಲೋ, ಬೀನ್ಸ್ 2 ಕಿಲೋ, ಕ್ಯಾರೆಟ್ 1.5 ಕಿಲೋ, ಈರುಳ್ಳಿ 1.25 ಕಿಲೋ. ತೂಕ ಸರಿಯಾಗಿ 7.25 ಕಿಲೋ, ವೆಚ್ಚ 240 ರೂಪಾಯಿ. ಜುಲೈ ತಿಂಗಳ ಬೆಲೆಯಲ್ಲಿ ಇದೇ ಬುಟ್ಟಿಗೆ 665 ರೂಪಾಯಿ ಬೇಕಾಗುತ್ತಿತ್ತು. 2022ರ ಅಕ್ಟೋಬರ್‌ನಿಂದ ಜಾರಿಯಲ್ಲಿದ್ದ ದರದಂತೆ ಅಡುಗೆ ತಯಾರಿಕಾ ವೆಚ್ಚವು ಕಿರಿಯ ಮಗುವಿಗೆ 5 ರೂಪಾಯಿ 45 ಪೈಸೆ, ಹಿರಿಯ ಮಗುವಿಗೆ 8 ರೂಪಾಯಿ 17 ಪೈಸೆ ಆಗಿತ್ತು. 120 ಮಕ್ಕಳಿಗೆ ಇದು 790 ರೂಪಾಯಿ ಆಗುತ್ತದೆ. ಬೇಳೆ, ಎಣ್ಣೆ, ಸಾಂಬಾರ ಪದಾರ್ಥ, ಇಂಧನ ಎಲ್ಲವೂ ಇದರಲ್ಲಿಯೇ ಆಗಬೇಕು. ಆದುದರಿಂದ 665 ರೂಪಾಯಿಯ ತರಕಾರಿ ಕೊಳ್ಳುವುದು ಯಾವ ರೀತಿಯಿಂದಲೂ ಸಾಧ್ಯವಿರಲಿಲ್ಲ. ಈ ದರಗಳು ನಂತರ ಪರಿಷ್ಕೃತವಾಗಿವೆ. ಆದರೆ ಒಂದೇ ವಾರದಲ್ಲಿ ಐದು ಪಟ್ಟು ಏರುವ ಬೆಲೆಯನ್ನು ಸರಿದೂಗಿಸುವಂತೆ ಯಾವ ದರವನ್ನೂ ನಿಗದಿಪಡಿಸಿರುವುದಿಲ್ಲ.

ಹೀಗಾಗಿ ಅವರು ಟೊಮೆಟೊ 1 ಕಿಲೋ, ಬೀನ್ಸ್ ಅರ್ಧ ಕಿಲೋ, ಕ್ಯಾರೆಟ್ ಅರ್ಧ ಕಿಲೋ ತಂದು ಈರುಳ್ಳಿಯನ್ನು ಮಾತ್ರ ಮೊದಲಿನಂತೆಯೇ ಉಳಿಸಿಕೊಂಡಿದ್ದರು. ವೆಚ್ಚ 240 ರೂಪಾಯಿ, ತೂಕ 3.25 ಕಿಲೋ. 50 ಗ್ರಾಂ ದೊರೆಯಬೇಕಾದ ಮಗುವಿಗೆ ದೊರೆತದ್ದು 22 ಗ್ರಾಂ. ಅದರಲ್ಲಿಯೂ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಈರುಳ್ಳಿಯೇ.

ಹೆಸರಿಗೆ ಬದಲಿ ಬೇಡ, ಕೆಲಸಕ್ಕೆ ಬದಲಿ ಬೇಕು

ಬದಲಿ ತರಕಾರಿಯನ್ನು ಹುಡುಕುವಾಗ ನಾವು ಸಾಮಾನ್ಯವಾಗಿ ಕೇಳುವ ಪ್ರಶ್ನೆ "ಟೊಮೆಟೊ ಬದಲಿಗೆ ಏನು?" ಎಂಬುದು. ಈ ಪ್ರಶ್ನೆಗೆ ಒಂದೇ ಪದದ ಉತ್ತರವಿಲ್ಲ. ಏಕೆಂದರೆ ಒಂದು ಟೊಮೆಟೊ ಸಾಂಬಾರಿನಲ್ಲಿ ಒಂದಕ್ಕಿಂತ ಹೆಚ್ಚು ಕೆಲಸಗಳನ್ನು ಮಾಡುತ್ತದೆ. ಎಂಜಿನಿಯರಿಂಗ್ ಓದಿದ ನನಗೆ ಯಾವುದೇ ಯಂತ್ರದ ಒಂದು ಭಾಗವನ್ನು ಬದಲಿಸುವ ಮೊದಲು ಆ ಭಾಗದ ಕೆಲಸವೇನು ಎಂದು ಬರೆದುಕೊಳ್ಳುವ ಅಭ್ಯಾಸವಿದೆ. ಅಡುಗೆಯಲ್ಲಿಯೂ ಈ ಕ್ರಮ ಉಪಯೋಗಕ್ಕೆ ಬರುತ್ತದೆ.

ಟೊಮೆಟೊ ಮಾಡುವ ಕೆಲಸಗಳು ಮೂರು. ಮೊದಲನೆಯದು ಹುಳಿ. ಎರಡನೆಯದು ಸಾರಿಗೆ ಬಣ್ಣ ಮತ್ತು ಮಂದ. ಮೂರನೆಯದು ಪೋಷಕಾಂಶ, ಅದರಲ್ಲಿಯೂ ಮುಖ್ಯವಾಗಿ ವಿಟಮಿನ್ ಸಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕಗಳ ಪ್ರಕಾರ 100 ಗ್ರಾಂ ಟೊಮೆಟೊದಲ್ಲಿ ಸುಮಾರು 25 ಮಿಲಿಗ್ರಾಂ ವಿಟಮಿನ್ ಸಿ ಇದೆ. ಉಳಿದಂತೆ ಅದರ ತೂಕದ ಶೇಕಡ 90ಕ್ಕೂ ಹೆಚ್ಚು ನೀರು.

ಹುಳಿಗೆ ನಮ್ಮಲ್ಲಿ ಹುಣಸೆಹಣ್ಣು ಇದ್ದೇ ಇದೆ. ಒಂದು ಕಿಲೋ ಟೊಮೆಟೊ ಕೊಡುವ ಹುಳಿಗೆ ಬೀಜ ತೆಗೆದ 40ರಿಂದ 50 ಗ್ರಾಂ ಹುಣಸೆಹಣ್ಣು ಸಾಕು. 2.5 ಕಿಲೋ ಟೊಮೆಟೊ ಬಿಟ್ಟರೆ 125 ಗ್ರಾಂ ಹುಣಸೆಹಣ್ಣು ಹೆಚ್ಚುವರಿಯಾಗಿ ಬೇಕು. ಇದಕ್ಕೆ ಸುಮಾರು 20 ರೂಪಾಯಿ. ಆದರೆ ಬಹುತೇಕ ಅಡುಗೆಮನೆಗಳು ಇಲ್ಲಿಯೇ ನಿಂತುಬಿಡುತ್ತವೆ. ಸಾಂಬಾರು ಹುಳಿಯಾಯಿತು, ರುಚಿ ಸರಿಹೋಯಿತು, ಆದುದರಿಂದ ಬದಲಿ ದೊರೆತಂತೆ ಎಂದು ಭಾವಿಸಲಾಗುತ್ತದೆ. ಹುಣಸೆಹಣ್ಣಿನಲ್ಲಿ ವಿಟಮಿನ್ ಸಿ ಇಲ್ಲವೆಂದೇ ಹೇಳಬಹುದು. ಟೊಮೆಟೊದ ಮೂರು ಕೆಲಸಗಳಲ್ಲಿ ಹುಣಸೆ ಒಂದನ್ನು ಮಾತ್ರ ಮಾಡಿದೆ. ನಾಲಿಗೆಗೆ ವ್ಯತ್ಯಾಸ ತಿಳಿಯದಿರುವುದರಿಂದಲೇ ಈ ಕೊರತೆ ಗಮನಕ್ಕೆ ಬಾರದೆ ಉಳಿಯುತ್ತದೆ.

ನಿಂಬೆಹಣ್ಣು ಹಿಂಡಿದರೆ ಸಾಲದೇ ಎಂದು ಕೆಲವರು ಕೇಳುತ್ತಾರೆ. ಒಂದು ನಿಂಬೆಹಣ್ಣಿನ ರಸದಲ್ಲಿ ಸುಮಾರು 10 ಮಿಲಿಗ್ರಾಂ ವಿಟಮಿನ್ ಸಿ ಇರುತ್ತದೆ. ಹನ್ನೆರಡು ನಿಂಬೆಹಣ್ಣನ್ನು 120 ಮಕ್ಕಳ ಅಡುಗೆಗೆ ಹಿಂಡಿದರೆ ಮಗುವೊಂದಕ್ಕೆ ಒಂದು ಮಿಲಿಗ್ರಾಂ ಮಾತ್ರ ದೊರೆಯುತ್ತದೆ. ಮನೆಯ ಅಡುಗೆಗೆ ಇದು ಒಳ್ಳೆಯ ಉಪಾಯ, ಶಾಲೆಯ ಅಡುಗೆಗೆ ಸಾಲದು.

ಈ ಕೊರತೆಯನ್ನು ನಿಜವಾಗಿ ತುಂಬುವುದು ಸೊಪ್ಪು. 100 ಗ್ರಾಂ ಹರಿವೆ ಸೊಪ್ಪಿನಲ್ಲಿ ಸುಮಾರು 80 ಮಿಲಿಗ್ರಾಂ ವಿಟಮಿನ್ ಸಿ ಇದೆ, ಅಂದರೆ ಟೊಮೆಟೊದ ಮೂರು ಪಟ್ಟು. ನುಗ್ಗೆ ಸೊಪ್ಪಿನಲ್ಲಿ ಇದು 100 ಮಿಲಿಗ್ರಾಂ ಮೀರುತ್ತದೆ. ಬಿಡಿಸಿದ ಒಂದು ಕಿಲೋ ಹರಿವೆ ಸೊಪ್ಪಿನಿಂದ 800 ಮಿಲಿಗ್ರಾಂ ದೊರೆತರೆ, ಬಿಟ್ಟ 2.5 ಕಿಲೋ ಟೊಮೆಟೊದಿಂದ ದೊರೆಯುತ್ತಿದ್ದುದು ಸುಮಾರು 625 ಮಿಲಿಗ್ರಾಂ. ಬೇಯಿಸುವಾಗ ಎರಡರಲ್ಲಿಯೂ ಸಾಕಷ್ಟು ನಷ್ಟವಾಗುತ್ತದೆ. ಆದುದರಿಂದ ಇದು ಹಸಿ ತರಕಾರಿಗಳ ನಡುವಿನ ಹೋಲಿಕೆ ಎಂದು ತಿಳಿಯತಕ್ಕದ್ದು.

ಕ್ಯಾರೆಟ್ ಮತ್ತು ಬೀನ್ಸ್

ಕ್ಯಾರೆಟ್ ಊಟಕ್ಕೆ ಕೊಡುವ ಮುಖ್ಯ ವಸ್ತು ಕ್ಯಾರೊಟಿನ್. ದೇಹವು ಇದನ್ನು ವಿಟಮಿನ್ ಎ ಆಗಿ ಮಾರ್ಪಡಿಸಿಕೊಳ್ಳುತ್ತದೆ. ತೂಕಕ್ಕೆ ತೂಕ ಹೋಲಿಸಿದರೆ ಹರಿವೆ ಸೊಪ್ಪಿನಲ್ಲಿ ಕ್ಯಾರೆಟ್‌ಗಿಂತ ಹೆಚ್ಚು ಕ್ಯಾರೊಟಿನ್ ಇದೆ. ಆದರೆ ಸೊಪ್ಪಿನಲ್ಲಿರುವ ಕ್ಯಾರೊಟಿನ್ ದೇಹಕ್ಕೆ ಅಷ್ಟು ಸುಲಭವಾಗಿ ದಕ್ಕುವುದಿಲ್ಲ. ಹಳದಿ, ಕಿತ್ತಳೆ ಬಣ್ಣದ ಕಾಯಿಗಳಲ್ಲಿರುವುದು ಹೆಚ್ಚು ಸುಲಭವಾಗಿ ದಕ್ಕುತ್ತದೆ. ಆದುದರಿಂದ ಸೊಪ್ಪಿನ ಜೊತೆಗೆ ಸಿಹಿಕುಂಬಳಕಾಯಿಯನ್ನೂ ಬಳಸುವುದು ಸೂಕ್ತ. ಅದರ ತಿರುಳು ಗಾಢ ಕಿತ್ತಳೆ ಬಣ್ಣದ್ದಾಗಿರಲಿ. ತಿರುಳು ಬಿಳಿಚಿಕೊಂಡಿದ್ದರೆ ಕ್ಯಾರೊಟಿನ್ ಕಡಿಮೆಯೆಂದೇ ಅರ್ಥ. ಬೆಂದು ಕರಗಿದ ಕುಂಬಳಕಾಯಿ ಟೊಮೆಟೊದ ಎರಡನೆಯ ಕೆಲಸವನ್ನೂ ವಹಿಸಿಕೊಂಡು ಸಾಂಬಾರಿಗೆ ಬಣ್ಣ ಮತ್ತು ಮಂದವನ್ನು ಕೊಡುತ್ತದೆ. ಕ್ಯಾರೊಟಿನ್ ಹೀರಿಕೆಗೆ ಸ್ವಲ್ಪ ಜಿಡ್ಡು ಅವಶ್ಯ. ಒಗ್ಗರಣೆಗೆ ನಿಗದಿಯಾಗಿರುವ ಎಣ್ಣೆಯನ್ನು ಕಡಿತಗೊಳಿಸದಿದ್ದರೆ ಅದೇ ಸಾಕಾಗುತ್ತದೆ.

ಬೀನ್ಸ್ ದ್ವಿದಳ ಜಾತಿಯ ಎಳೆಯ ಕಾಯಿ. ನಾರಿನಂಶ ಮತ್ತು ಇತರ ತರಕಾರಿಗಳಿಗಿಂತ ತುಸು ಹೆಚ್ಚಿನ ಪ್ರೋಟೀನು ಅದರ ಗುಣ. ಇದೇ ಗುಂಪಿಗೆ ಸೇರಿದ ಗೋರಿಕಾಯಿ ಅಥವಾ ಅಲಸಂದೆ ಕಾಯಿ ಅದಕ್ಕೆ ನೇರವಾದ ಬದಲಿ. ಗೋರಿಕಾಯಿಗೆ ತುಸು ಕಹಿಯಿದೆ. ಎಳೆಯದನ್ನು ಆರಿಸಿ, ನಾರು ಬಿಡಿಸಿ, ಸಣ್ಣಗೆ ಹೆಚ್ಚಿ ಬೇಳೆಯೊಂದಿಗೆ ಬೇಯಿಸಿದರೆ ಮಕ್ಕಳು ತಿನ್ನುತ್ತಾರೆ. ಬಲಿತದ್ದನ್ನು ಹಾಕಿದರೆ ತಟ್ಟೆಯ ಅಂಚಿನಲ್ಲಿ ಉಳಿಯುತ್ತದೆ.

ಮೂರು ಬುಟ್ಟಿಗಳ ಹೋಲಿಕೆ

| ತರಕಾರಿ | ಸಾಮಾನ್ಯ ದಿನ | ಬೆಲೆ ಏರಿದಾಗ ತಂದದ್ದು | ಬದಲಿ ಬುಟ್ಟಿ |
|---|---|---|---|
| ಟೊಮೆಟೊ | 2.5 ಕಿಲೋ, ರೂ. 50 | 1 ಕಿಲೋ, ರೂ. 110 | ಇಲ್ಲ |
| ಬೀನ್ಸ್ | 2 ಕಿಲೋ, ರೂ. 100 | 0.5 ಕಿಲೋ, ರೂ. 60 | ಇಲ್ಲ |
| ಕ್ಯಾರೆಟ್ | 1.5 ಕಿಲೋ, ರೂ. 60 | 0.5 ಕಿಲೋ, ರೂ. 40 | ಇಲ್ಲ |
| ಈರುಳ್ಳಿ | 1.25 ಕಿಲೋ, ರೂ. 30 | 1.25 ಕಿಲೋ, ರೂ. 30 | 1.25 ಕಿಲೋ, ರೂ. 30 |
| ಸಿಹಿಕುಂಬಳಕಾಯಿ | ಇಲ್ಲ | ಇಲ್ಲ | 4 ಕಿಲೋ, ರೂ. 80 |
| ಹರಿವೆ ಸೊಪ್ಪು | ಇಲ್ಲ | ಇಲ್ಲ | 6 ಕಟ್ಟು (1.5 ಕಿಲೋ), ರೂ. 60 |
| ಗೋರಿಕಾಯಿ | ಇಲ್ಲ | ಇಲ್ಲ | 1.5 ಕಿಲೋ, ರೂ. 75 |
| ಹೆಚ್ಚುವರಿ ಹುಣಸೆಹಣ್ಣು | ಇಲ್ಲ | ಇಲ್ಲ | 125 ಗ್ರಾಂ, ರೂ. 20 |
| ಒಟ್ಟು ತರಕಾರಿ | 7.25 ಕಿಲೋ | 3.25 ಕಿಲೋ | 8.25 ಕಿಲೋ |
| ಒಟ್ಟು ವೆಚ್ಚ | ರೂ. 240 | ರೂ. 240 | ರೂ. 265 |

ಬದಲಿ ಬುಟ್ಟಿಯ ತೂಕ 7.25ರ ಬದಲು 8.25 ಕಿಲೋ ಏಕೆ ಎಂಬ ಪ್ರಶ್ನೆ ಸಹಜ. ಟೊಮೆಟೊದಲ್ಲಿ ಬಿಸಾಡುವ ಭಾಗ ಇಲ್ಲವೆನ್ನುವಷ್ಟು ಕಡಿಮೆ. ಕುಂಬಳಕಾಯಿಯ ಸಿಪ್ಪೆ, ಬೀಜಗಳಲ್ಲಿ ಐದನೇ ಒಂದು ಭಾಗವೂ, ಸೊಪ್ಪಿನ ಬೇರು, ಬಲಿತ ದಂಟುಗಳಲ್ಲಿ ಮೂರನೇ ಒಂದು ಭಾಗವೂ ಹೋಗುತ್ತದೆ. ನಾವು ಮೊದಲು ಮೂರು ಕಿಲೋ ಕುಂಬಳಕಾಯಿಯನ್ನು ಮಾತ್ರ ತಂದೆವು. ವಹಿಯಲ್ಲಿ 7.25 ಕಿಲೋ ಸರಿಹೋಯಿತು. ಆದರೆ ಹೆಚ್ಚಿದ ನಂತರ ತೂಗಿದಾಗ ಹಿಂದಿನದಕ್ಕಿಂತ ಸುಮಾರು ಒಂದು ಕಿಲೋ ಕಡಿಮೆಯಿತ್ತು. ಇನ್ನೊಂದು ಕಿಲೋ ಕುಂಬಳಕಾಯಿಗೆ 20 ರೂಪಾಯಿ ಕೊಟ್ಟು ಆ ಅಂತರವನ್ನು ಬಹುತೇಕ ತುಂಬಲಾಯಿತು. ಬೆಲೆಗಳನ್ನು ಹೋಲಿಸುವಾಗ ಕೊಂಡ ತೂಕವನ್ನಲ್ಲ, ಹೆಚ್ಚಿದ ನಂತರದ ತೂಕವನ್ನು ಲೆಕ್ಕಕ್ಕೆ ಹಿಡಿಯಬೇಕು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಹೆಚ್ಚುವರಿ ವೆಚ್ಚ ದಿನಕ್ಕೆ 25 ರೂಪಾಯಿ. 665 ರೂಪಾಯಿಯ ಮುಂದೆ ಇದು ನಿಭಾಯಿಸಬಹುದಾದ ಮೊತ್ತ.

ತಪ್ಪಾಗುವುದು ಎಲ್ಲಿ

ಬೆಲೆ ಏರಿದಾಗ ಮೊದಲು ಅಡುಗೆಮನೆಗೆ ಬರುವುದು ಆಲೂಗಡ್ಡೆ. ಅದರ ಬೆಲೆ ಟೊಮೆಟೊದಷ್ಟು ಏರಿಳಿಯುವುದಿಲ್ಲ, ತೂಕ ಸುಲಭವಾಗಿ ತುಂಬುತ್ತದೆ, ಮಕ್ಕಳಿಗೂ ಇಷ್ಟ. ಆದರೆ ಅದು ಮುಖ್ಯವಾಗಿ ಪಿಷ್ಟ. ತಟ್ಟೆಯಲ್ಲಿ ಅನ್ನ ಈಗಾಗಲೇ ಇದೆ. ಕ್ಯಾರೆಟ್ ಬದಲಿಗೆ ಆಲೂಗಡ್ಡೆ ಹಾಕಿದರೆ ಕ್ಯಾರೊಟಿನ್ ಪೂರ್ಣವಾಗಿ ಹೋಗುತ್ತದೆ. ಸೋರೆಕಾಯಿ, ಸೌತೆಕಾಯಿಗಳೂ ಅಗ್ಗ, ಆದರೆ ಅವುಗಳಲ್ಲಿ ಬಹುಪಾಲು ನೀರು. ಇವುಗಳನ್ನು ಬಳಸಬಾರದೆಂದಲ್ಲ. ಸೊಪ್ಪು ಮತ್ತು ಕುಂಬಳಕಾಯಿಯ ಜೊತೆಗೆ ಬಳಸಬಹುದು, ಅವುಗಳ ಸ್ಥಾನದಲ್ಲಿ ಬಳಸಬಾರದು.

ಎರಡನೆಯ ತಪ್ಪು ಸೊಪ್ಪನ್ನು ಬೇಯಿಸುವ ಕ್ರಮದಲ್ಲಿ ಆಗುತ್ತದೆ. ಬೆಳಿಗ್ಗೆ ಒಂಬತ್ತು ಗಂಟೆಗೇ ಹೆಚ್ಚಿ ನೀರಿನಲ್ಲಿ ನೆನೆಹಾಕಿ, ಬೇಳೆಯೊಂದಿಗೆ ಒಂದು ಗಂಟೆ ಕುದಿಸಿದರೆ ವಿಟಮಿನ್ ಸಿ ಉಳಿಯುವುದು ಕಷ್ಟ. ಸೊಪ್ಪನ್ನು ಹೆಚ್ಚುವ ಮೊದಲು ತೊಳೆಯಬೇಕು, ಹೆಚ್ಚಿದ ಮೇಲೆ ತೊಳೆಯಬಾರದು. ಬೇಳೆ, ಗೋರಿಕಾಯಿ, ಕುಂಬಳಕಾಯಿ ಬೆಂದ ನಂತರ ಕೊನೆಯ ಎಂಟು ಹತ್ತು ನಿಮಿಷಗಳಿರುವಾಗ ಸೊಪ್ಪನ್ನು ಹಾಕಬೇಕು. ಹುಣಸೆ ರಸವನ್ನು ಸಹ ಗೋರಿಕಾಯಿ ಬೆಂದ ನಂತರವೇ ಸೇರಿಸಬೇಕು. ಮೊದಲೇ ಹುಳಿ ಬಿದ್ದರೆ ಕಾಯಿಯೂ ಬೇಳೆಯೂ ಬೇಗ ಬೇಯುವುದಿಲ್ಲ, ಇಂಧನ ವ್ಯರ್ಥವಾಗುತ್ತದೆ. ಮಳೆಗಾಲದಲ್ಲಿ ಸೊಪ್ಪಿನ ಬುಡದಲ್ಲಿ ಮಣ್ಣು, ಮರಳು ಹೆಚ್ಚು. ಅಗಲವಾದ ಪಾತ್ರೆಯಲ್ಲಿ ಮೂರು ಬಾರಿ ನೀರು ಬದಲಿಸಿ ಎತ್ತಿ ತೊಳೆದ ನಂತರ ಪಾತ್ರೆಯ ತಳದಲ್ಲಿ ಮರಳು ಕಾಣದಿದ್ದರೆ ಸೊಪ್ಪು ಶುಚಿಯಾಗಿದೆಯೆಂದು ತಿಳಿಯಬಹುದು. ಒಮ್ಮೆ ಮಕ್ಕಳ ಹಲ್ಲಿಗೆ ಮರಳು ಸಿಕ್ಕರೆ ಆ ವಾರವಿಡೀ ಸೊಪ್ಪಿನ ಸಾಂಬಾರು ಉಳಿಯುತ್ತದೆ.

ಮೂರನೆಯದು ಮಿತಿಯ ಅರಿವು. ಹರಿವೆ ಸೊಪ್ಪಿನಲ್ಲಿ ಸುಣ್ಣದಂಶ, ಕಬ್ಬಿಣದಂಶ ಹೆಚ್ಚೆಂದು ಕೋಷ್ಟಕಗಳಲ್ಲಿ ಕಾಣುತ್ತದೆ. ಆದರೆ ಅದರಲ್ಲಿರುವ ಆಕ್ಸಲೇಟ್ ಮೊದಲಾದ ಅಂಶಗಳು ಇವುಗಳ ಹೀರಿಕೆಯನ್ನು ತಗ್ಗಿಸುತ್ತವೆ. ಸೊಪ್ಪು ಹಾಕಿದ್ದೇವೆ ಎಂಬ ಕಾರಣಕ್ಕೆ ಹಾಲು, ಮೊಟ್ಟೆ ಅಥವಾ ಕಬ್ಬಿಣಾಂಶದ ಮಾತ್ರೆಗಳ ವಿತರಣೆಯಲ್ಲಿ ಸಡಿಲಿಕೆ ತೋರುವಂತಿಲ್ಲ. ಒಂದೇ ಸೊಪ್ಪನ್ನು ಪ್ರತಿದಿನ ಬಳಸದೆ ಹರಿವೆ, ನುಗ್ಗೆ, ಮೆಂತ್ಯ, ಬಸಳೆಗಳನ್ನು ಸರದಿಯಲ್ಲಿ ಬಳಸುವುದು ಒಳ್ಳೆಯದು. ಊರಿನ ರೂಢಿಯನ್ನೂ ಗಮನಿಸಬೇಕು. ಕರಾವಳಿಯ ಕೆಲವೆಡೆ ಆಟಿ ತಿಂಗಳಲ್ಲಿ ನುಗ್ಗೆ ಸೊಪ್ಪನ್ನು ತಿನ್ನದ ರೂಢಿಯಿದೆ. ಟೊಮೆಟೊ ಬೆಲೆ ಏರುವುದೂ ಹೆಚ್ಚಾಗಿ ಅದೇ ಕಾಲದಲ್ಲಿ. ಅಂತಹ ಊರಿನಲ್ಲಿ ಹರಿವೆ ಅಥವಾ ಬಸಳೆಯನ್ನು ಆರಿಸಿದರೆ ವಿವಾದವೂ ಇಲ್ಲ, ಊಟ ಉಳಿಯುವುದೂ ಇಲ್ಲ.

ಎಷ್ಟು ವಾರ ಹೀಗೆ ನಡೆಸಬೇಕು

ಟೊಮೆಟೊ ಸಸಿ ನಾಟಿ ಮಾಡಿದ ಮೇಲೆ ಮೊದಲ ಕೊಯ್ಲಿಗೆ ಎರಡು ತಿಂಗಳಿಗೂ ಹೆಚ್ಚು ಕಾಲ ಬೇಕು. ಬೇಸಿಗೆಯ ಬಿಸಿಲು, ರೋಗ ಅಥವಾ ಮಳೆಯಿಂದ ಬೆಳೆ ಹಾಳಾದರೆ, ಬೆಲೆ ನೋಡಿ ರೈತರು ಹೊಸದಾಗಿ ನಾಟಿ ಮಾಡಿದ ಬೆಳೆ ಮಾರುಕಟ್ಟೆಗೆ ಬರುವವರೆಗೆ ಬೆಲೆ ಇಳಿಯುವುದು ಕಷ್ಟ. ಆದುದರಿಂದ ಸುಮಾರು ಎರಡು ತಿಂಗಳ ಬದಲಿಗೆ ಸಿದ್ಧರಿರಬೇಕು. 2023ರಲ್ಲಿಯೂ ಆಗಸ್ಟ್ ತಿಂಗಳಿನಲ್ಲಿ ಬೆಲೆ ಇಳಿಯತೊಡಗಿತು. ಹರಿವೆಯಾದರೋ ಬಿತ್ತಿದ 25ರಿಂದ 30 ದಿನಗಳಲ್ಲಿ ಕೊಯ್ಲಿಗೆ ಬರುತ್ತದೆ, ಹೀಗಾಗಿ ಅದರ ಬೆಲೆ ಏರಿದರೂ ಬೇಗನೆ ಇಳಿಯುತ್ತದೆ. ಬಲಿತ ಸಿಹಿಕುಂಬಳಕಾಯಿಯನ್ನು ತೊಟ್ಟು ಮುರಿಯದಂತೆ ಗಾಳಿಯಾಡುವ ಒಣ ಜಾಗದಲ್ಲಿಟ್ಟರೆ ವಾರಗಟ್ಟಲೆ ಕೆಡುವುದಿಲ್ಲ. ಭಾರೀ ಮಳೆಯಿಂದ ಸೊಪ್ಪು ಕೊಳೆತ ವಾರದಲ್ಲಿ ಇದೇ ಆಸರೆ.

ಶಾಲೆಯ ಆವರಣದಲ್ಲಿ ಜಾಗವಿದ್ದರೆ ಸೊಪ್ಪನ್ನು ಕೊಳ್ಳುವ ಅಗತ್ಯವೂ ಇರುವುದಿಲ್ಲ. ದಿನಕ್ಕೆ 1.5 ಕಿಲೋ ಎಂದರೆ 24 ಶಾಲಾ ದಿನಗಳಿಗೆ 36 ಕಿಲೋ. ಒಂದು ಚದರ ಮೀಟರ್ ಮಡಿಯಲ್ಲಿ ಒಂದು ಬೆಳೆಗೆ ಸುಮಾರು ಒಂದು ಕಿಲೋ ಹರಿವೆ ದೊರೆಯುತ್ತದೆ. ಆದುದರಿಂದ 36 ಚದರ ಮೀಟರ್, ಅಂದರೆ ಗುಂಟೆಯ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಜಾಗ ಸಾಕು. ಅದನ್ನು ನಾಲ್ಕು ಮಡಿಗಳಾಗಿ ವಿಂಗಡಿಸಿ ವಾರಕ್ಕೊಂದರಂತೆ ಬಿತ್ತಬೇಕು. ಒಂದೇ ದಿನ ಎಲ್ಲವನ್ನೂ ಬಿತ್ತಿದರೆ ಒಂದೇ ವಾರದಲ್ಲಿ ಎಲ್ಲವೂ ಬಲಿತು, ಮುಂದಿನ ಮೂರು ವಾರ ಮತ್ತೆ ಸಂತೆಯನ್ನೇ ಅವಲಂಬಿಸಬೇಕಾಗುತ್ತದೆ.

ಸದಸ್ಯರು ಶಾಲೆಗೆ ಭೇಟಿ ನೀಡಿದಾಗ

ಬೆಲೆ ಏರಿದ ವಾರದಲ್ಲಿ ತಮ್ಮ ವಾರ್ಡಿನ ಶಾಲೆಗೆ ಹೋದಾಗ ವೆಚ್ಚದ ವಹಿಗಿಂತ ಮೊದಲು ತಕ್ಕಡಿಯನ್ನು ನೋಡುವುದು ಒಳಿತು. ಕೇಳಬೇಕಾದ ಪ್ರಶ್ನೆಗಳು ಮೂರು. ಇಂದು ಹೆಚ್ಚಿದ ನಂತರ ತರಕಾರಿಯ ತೂಕ ಎಷ್ಟು? ಯಾವ ತರಕಾರಿಯನ್ನು ಬಿಡಲಾಗಿದೆ, ಅದರ ಒಂದೊಂದು ಕೆಲಸಕ್ಕೆ ಏನು ಬಂದಿದೆ? ಸೊಪ್ಪನ್ನು ಯಾವಾಗ ಹಾಕಲಾಯಿತು? ಊಟ ಮುಗಿದ ಮೇಲೆ ಮಕ್ಕಳ ತಟ್ಟೆಯಲ್ಲಿ ಏನು ಉಳಿದಿದೆ ಎಂಬುದನ್ನೂ ನೋಡಬೇಕು. ಬದಲಿ ತರಕಾರಿ ತಟ್ಟೆಯಲ್ಲಿಯೇ ಉಳಿದಿದ್ದರೆ ಮೇಲಿನ ಲೆಕ್ಕವೆಲ್ಲ ಕಾಗದದ ಮೇಲಿನ ಲೆಕ್ಕವಾಗುತ್ತದೆ.

ಸಂತೆ ದಿನ ಯಾವುದೇ ತರಕಾರಿಯ ಬೆಲೆ ಸಾಮಾನ್ಯ ಬೆಲೆಯ ಎರಡು ಪಟ್ಟು ದಾಟಿದರೆ ಆ ವಾರದಿಂದಲೇ ಬದಲಿಸುವುದು ಎಂಬ ನಿಯಮವನ್ನು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯಲ್ಲಿ ಮೊದಲೇ ತೀರ್ಮಾನಿಸಿಕೊಂಡರೆ ಅಡುಗೆಯವರು ಒಬ್ಬರೇ ನಿರ್ಧರಿಸಬೇಕಾದ ಪ್ರಸಂಗ ಬರುವುದಿಲ್ಲ. ನಮ್ಮ ಶಾಲೆಯಲ್ಲಿ ಈಗ ಟೊಮೆಟೊ, ಕ್ಯಾರೆಟ್, ಬೀನ್ಸ್ ಎಂಬ ಮೂರು ಹೆಸರುಗಳ ಮುಂದೆ ಅವುಗಳ ಬದಲಿಗಳನ್ನು ಬರೆದ ಒಂದು ಹಾಳೆಯನ್ನು ಅಡುಗೆಮನೆಯ ಗೋಡೆಗೆ ಅಂಟಿಸಲಾಗಿದೆ. ವಹಿಯಲ್ಲಿ ರೂಪಾಯಿಯ ಪಕ್ಕದಲ್ಲಿ ಹೆಚ್ಚಿದ ತೂಕ ಎಂಬ ಒಂದು ಕಲಂ ಸೇರಿಸಲಾಗಿದೆ. ಮುಖ್ಯ ಅಡುಗೆಯವರು ಅದನ್ನು ತಾವೇ ತುಂಬುತ್ತಾರೆ. ಮೊದಲ ವಾರ ಕಳೆದ ಮೇಲೆ ಅವರು ಹೇಳಿದ್ದು ಇಷ್ಟೇ: "ಸಾರ್, ಸಾಂಬಾರಲ್ಲಿ ಈಗ ಸೌಟು ನಿಲ್ಲುತ್ತೆ."

ತಮ್ಮ ಪಂಚಾಯಿತಿ ವ್ಯಾಪ್ತಿಯ ಶಾಲೆಗಳಲ್ಲಿಯೂ ಈ ಒಂದು ಕಲಂ ಸೇರಿಸುವ ವಿಷಯವನ್ನು ಮುಂದಿನ ಸಾಮಾನ್ಯ ಸಭೆಯಲ್ಲಿ ಪರಿಶೀಲಿಸಬೇಕೆಂದು ಕೋರುತ್ತೇನೆ.

— ಪಂಚಾಯಿತಿ ಅಭಿವೃದ್ಧಿ ಅಧಿಕಾರಿ